ಮೋಡದಾಗಿನ ಸೋಬಾನ

ರಾಯಚೂರಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಸುಶಮೀಂದ್ರಾಚಾರ್ಯರಿಗೆ ಎರಡು ಹವ್ಯಾಸ. ಹಳ್ಳಿಯ ಮುದುಕಿಯರು ಹಾಡುವ ಪದಗಳನ್ನು ರೆಕಾರ್ಡ್ ಮಾಡುವುದು. ಆಮೇಲೆ ಅವಕ್ಕೆ ತಾವೇ ಹೇಳಿದ ಪೀಠಿಕೆಯನ್ನು ಕಣ್ಣುಮುಚ್ಚಿ ಕೇಳುವುದು. ಪದಕ್ಕಿಂತ ಪೀಠಿಕೆಯೇ ಉದ್ದವೆಂದು ಹೆಂಡತಿ ಶ್ರೀವಲ್ಲಿ ಹಂಗಿಸಿದರೆ ಅದನ್ನು ಹೊಗಳಿಕೆಯೆಂದೇ ತಿಳಿಯುತ್ತಿದ್ದರು.

ಇತ್ತೀಚೆಗೆ ಲ್ಯಾಪ್‌ಟಾಪ್ ಜಾಗವಿಲ್ಲವೆಂದು ಗೊಣಗಿತ್ತು. ಆಚಾರ್ಯರು ಪದಗಳ ಫೋಲ್ಡರಿನ ಮೇಲೆ ಒತ್ತಿ, ಜಾಗ ಖಾಲಿ ಮಾಡುವ ಆಯ್ಕೆ ಆರಿಸಿದರು. ಹೆಸರುಗಳೆಲ್ಲ ಇದ್ದಲ್ಲೇ ಇದ್ದವು, ಪಕ್ಕದಲ್ಲೊಂದು ಪುಟ್ಟ ಮೋಡದ ಗುರುತು ಮೂಡಿತ್ತು. ಅಲಂಕಾರವಿರಬೇಕೆಂದು ಅವರಿಗೆ ಅದು ಹಿಡಿಸಿತು.

ಆಚಾರ್ಯರು ದೇವದುರ್ಗ ದಾಟಿ ಕೃಷ್ಣೆಯ ದಂಡೆಯ ಗೂಗಲ್ ಎಂಬ ಹಳ್ಳಿ ಸೇರಿದಾಗ ಹೊಳೆಯ ಮೇಲೆ ಮಂಜು ಮಲಗಿತ್ತು. ಅಯ್ಯಮ್ಮನ ಮೊಮ್ಮಗಳು ಚಂದ್ರಕಲಾಗೆ ಅಂದು ಅರಿಷಿಣ. ಅಯ್ಯಮ್ಮನ ಅಕ್ಕ ಹುಲಿಗೆಮ್ಮ ಹಾಡದೆ ಆ ಮನೆಯಲ್ಲಿ ಯಾರಿಗೂ ಅರಿಷಿಣ ಹಚ್ಚಿದ್ದಿಲ್ಲ. ಹುಲಿಗೆಮ್ಮ ಹೋದ ವರ್ಷ ತೀರಿದ್ದಳು. ಆಕೆಯ ದನಿ ಆಚಾರ್ಯರ ಬಳಿ ಮಾತ್ರ ಇತ್ತು, ಅದನ್ನು ಕೇಳಿಸಲೆಂದೇ ಅವರನ್ನು ಕರೆಸಿದ್ದರು.

ಹಂದರದಡಿ ಎಲ್ಲರೂ ಸುತ್ತ ಕೂತರು. ಆಚಾರ್ಯರು ಲ್ಯಾಪ್‌ಟಾಪಿನಲ್ಲಿ ಹುಲಿಗೆಮ್ಮನ ಹೆಸರಿನ ಮೇಲೆ ಒತ್ತಿದರು. ಇಂಟರ್ನೆಟ್ ಬೇಕೆಂದಿತು. ಫೋನು ತೆಗೆದರು, ಊರ ಟವರು ಕೆಟ್ಟು ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ.

"ಗೂಗಲ್ ಅನ್ನೂದು ನಮ್ಮೂರ ಹೆಸರಷ್ಟ ರೀ, ಸರ," ಎಂದ ಹುಡುಗಿಯ ಅಪ್ಪ ಕನಕರಾಜ.

ಅಯ್ಯಮ್ಮ ಪರದೆಗೆ ಬಾಗಿ, ಅಕ್ಕನ ಹೆಸರು ಕಾಣುತ್ತದಲ್ಲ, ದನಿ ಎಲ್ಲಿ ಎಂದು ಕೇಳಿದಳು. ಇಲ್ಲಿರುವುದು ಹೆಸರು ಮಾತ್ರ, ಪದ ದೂರದ ಯಂತ್ರದಲ್ಲಿದೆ, ನೆಟ್ ಬಂದರೆ ಇಳಿಯುತ್ತದೆ ಎಂದು ಆಚಾರ್ಯರು ತಡವರಿಸಿದರು.

"ಅಂದ್ರ ಮೋಡ ಅದ, ಮಳಿ ಇಲ್ಲ," ಎಂದಳು ಅಯ್ಯಮ್ಮ, ಹೆಸರಿನ ಪಕ್ಕದ ಗುರುತು ತೋರಿಸಿ.

ಆಚಾರ್ಯರು ತಲೆ ತಗ್ಗಿಸಿದರು. ಆಗ ಕಂಡಿತು: ಮೋಡಗಳ ನಡುವೆ ಒಂದೇ ಒಂದು ಹಸಿರು ಟಿಕ್ ಗುರುತು. ಅದು ಹುಲಿಗೆಮ್ಮನ ಪದಕ್ಕೆ ಅವರೇ ಹೇಳಿದ್ದ ಪೀಠಿಕೆ. ಬೆಳಿಗ್ಗೆ ಮನೆಯಲ್ಲಿ ಚಹಾ ಕುಡಿಯುತ್ತ ತೆರೆದಿದ್ದರು. ತೆರೆದಾಗಲೇ ಅದು ಲ್ಯಾಪ್‌ಟಾಪಿಗೆ ಇಳಿದು ಉಳಿದುಬಿಟ್ಟಿತ್ತು. ನಾಚುತ್ತಲೇ ಅದನ್ನು ಕೇಳಿಸಿದರು.

ಜನಪದದ ಅಂತಃಸತ್ವದ ಕುರಿತು ಅವರ ದನಿ ತೇಲಿಬಂತು. ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಅಂತಃಸತ್ವ ಎರಡನೇ ಸುತ್ತಿಗೆ ಹೊರಳುವಾಗ, ದೂರದಿಂದೆಂಬಂತೆ ಇನ್ನೊಂದು ದನಿ ಅಡ್ಡಬಂತು.

"ಸಾಕು ಬಿಡ್ರಿ ಮಾಸ್ತರ, ನಾ ಹಾಡ್ತೀನಿ. ಹೊಳಿದಂಡಿ ಹೂವೀಗಿ ಅರಿಷಿಣ ಹಚ್ಚೇವ..."

ಹುಲಿಗೆಮ್ಮನ ದನಿ ಅಷ್ಟಕ್ಕೇ ನಿಂತು ಫೈಲು ಮುಗಿಯಿತು. ಕಣ್ಣು ಮುಚ್ಚಿ ಕೂತಿದ್ದ ಅಯ್ಯಮ್ಮ ಮುಂದಿನ ಸಾಲನ್ನು ತಾನೇ ಎತ್ತಿಕೊಂಡಳು. ಆಕೆ ಹಾಡಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅಕ್ಕನ ಹಿಂದೆ ತುಟಿಯಷ್ಟೇ ಆಡಿಸುತ್ತಿದ್ದವಳು. ಒಂದು ಸಾಲೂ ತಪ್ಪಲಿಲ್ಲ. ಚಂದ್ರಕಲಾಳ ಕೆನ್ನೆಗೆ ಅರಿಷಿಣ ಏರಿತು.

ಸಂಜೆ ದೇವದುರ್ಗದ ಬಸ್ ನಿಲ್ದಾಣದಲ್ಲಿ ನೆಟ್ ಸಿಕ್ಕಿತು. ಹುಲಿಗೆಮ್ಮನ ಪದಗಳನ್ನೆಲ್ಲ ಸದಾ ಲ್ಯಾಪ್‌ಟಾಪಿನಲ್ಲೇ ಇರಿಸುವಂತೆ ಆಚಾರ್ಯರು ಗುರುತು ಹಾಕಿದರು. ಮೋಡಗಳು ಒಂದೊಂದಾಗಿ ಕರಗಿ ಹಸಿರಾದವು. ನಡೆದದ್ದನ್ನೆಲ್ಲ ಫೋನಿನಲ್ಲಿ ಹೇಳಿ, ಪೀಠಿಕೆ ಅಳಿಸಲೇ ಎಂದು ಶ್ರೀವಲ್ಲಿಯನ್ನು ಕೇಳಿದರು.

"ಬ್ಯಾಡ್ರಿ. ನಿಮ್ಮ ಬಾಯಿ ಮುಚ್ಚಿಸಿದ ದನಿ ಅದರಾಗ ಅದ."