ಷರತ್ತು ಬಿಟ್ಟ ಸೂತ್ರದ ಹಾಳೆ

ಶಹಾಪುರದ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕ ಬಸವಂತರು ಹನ್ನೆರಡು ವರ್ಷಗಳಲ್ಲಿ ಗಳಿಸಿದ ಆಸ್ತಿಯೆಂದರೆ ಅವರ ಸೂತ್ರದ ಹಾಳೆ. ಪಾಠವಾರು ಸೂತ್ರ, ಪಕ್ಕಕ್ಕೆ ಏಕಮಾನ, ಅದರಾಚೆ ಸೂತ್ರವನ್ನು ಯಾವಾಗ ಬಳಸಬೇಕೆಂಬ ಷರತ್ತು. ಈ ವರ್ಷ ಎಲ್ಲವನ್ನೂ ಒಂದೇ ಪುಟಕ್ಕೆ ತುರುಕುವ ಹುರುಪಿನಲ್ಲಿ, ಹೇಗೂ ಯಾರೂ ಓದುವುದಿಲ್ಲವೆಂದು ಷರತ್ತಿನ ಅಂಕಣವನ್ನೇ ಕಿತ್ತೆಸೆದಿದ್ದರು.

ಅವರ ವಿದ್ಯಾರ್ಥಿನಿ ಗುಲ್ನಾಜ್‌ಗೆ ಪಾಸಾಗಲು ಉಳಿದಿದ್ದುದು ಭೌತಶಾಸ್ತ್ರವೊಂದೇ. ಈ ಸಲವೂ ಪಾಸಾಗದಿದ್ದರೆ ಓದು ಸಾಕೆಂದು ಅಪ್ಪ ಹೇಳಿಬಿಟ್ಟಿದ್ದರು. ಎರಡು ಅಂಕ ಕಡಿಮೆ ಬಿತ್ತು. ಉತ್ತರಪತ್ರಿಕೆಯ ಪ್ರತಿ ತರಿಸಿಕೊಂಡು, ಸೂತ್ರದ ಹಾಳೆಯ ಜೊತೆ ಸರ್ ಮುಂದಿಟ್ಟು, ಎರಡು ಅಂಕದ ಒಂದು ಲೆಕ್ಕ ತೋರಿಸಿದಳು.

"ಆರು ವೋಲ್ಟಿನ ಬ್ಯಾಟರಿ, ಒಳಗಿನ ರೋಧ ಅರ್ಧ ಓಮ್, ಎರಡು ಆಂಪಿಯರ್ ಕರೆಂಟ್. V ಅಂದ್ರ E ಕಳೆ Ir ಅಂತ ನಿಮ್ಮ ಹಾಳ್ಯಾಗ ಐತ್ರಿ ಸರ್. ಐದು ಬರದೀನಿ. ತಪ್ಪೇನ್ರಿ?"

ಬಸವಂತರು ಪ್ರಶ್ನೆಯನ್ನು ಎರಡು ಸಲ ಓದಿದರು.

"ಬ್ಯಾಟರಿ ಚಾರ್ಜ್ ಆಗಾಕತ್ತೈತಿ ತಂಗಿ. ಕರೆಂಟ್ ಕೊಡೂಮುಂದ ಕಳೀಬೇಕು, ಚಾರ್ಜ್ ಆಗೂಮುಂದ ಕೂಡಿಸ್ಬೇಕು. ಏಳು ಬರ್ತಿತ್ತು."

"ಅದನ್ನ ಎಲ್ಲಿ ಬರದೀರಿ ಸರ್?"

ವಿದ್ಯಾರ್ಥಿಗಳ ತಪ್ಪಿಗೆ ನೂರು ಕಾರಣ ಹೇಳಬಲ್ಲ ಬಸವಂತರು ಸೂತ್ರದ ಹಾಳೆಯನ್ನು ಹತ್ತಿರಕ್ಕೆಳೆದು, ಷರತ್ತಿನ ಅಂಕಣ ಇರಬೇಕಿದ್ದ ಜಾಗಕ್ಕೆ ಬೆರಳಿಟ್ಟರು.

"ಬರದಿಲ್ಲವ್ವ, ತಪ್ಪು ನಂದು. ನಿಮ್ಮ ಅಪ್ಪಗ ನಾನ ಬಂದು ಹೇಳ್ತೀನಿ."

"ಬ್ಯಾಡ್ರಿ ಸರ್. ಸೋಮವಾರದಿಂದ ಕಡೇಚೂರ ಫ್ಯಾಕ್ಟರಿಗಿ ಕೆಲಸಕ್ಕ ಹೋಗಾಕ ಮಾತಾಗೈತಿ," ಎಂದು ಅವಳು ಸೂತ್ರದ ಹಾಳೆ ಮಡಚಿದಳು.