ಸಿಲಿಂಡರ್ ಹೊರುವ ಗಂಡಸು

ಪುನಾಟಾ ಪಟ್ಟಣದ ಶಾಲೆಯಲ್ಲಿ ನಾನು ಭೂಗೋಳದ ಮೇಷ್ಟ್ರು. ನಮ್ಮ ಹಳ್ಳಿಯಲ್ಲಿ ಪದವಿ ಪಡೆದ ಮೊದಲಿಗ. ಹೆಂಡತಿ ನಿಯೆವೆಸ್ ಮದುವೆಗಳಿಗೆ ಕೇಕ್ ಮಾಡಿಕೊಡುತ್ತಾಳೆ. ನನ್ನ ಸಂಬಳದ ಎರಡರಷ್ಟು ದುಡಿಯುತ್ತಾಳೆ. ಅದರಿಂದ ನನಗೇನೂ ಬೇಜಾರಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ.

ನಾವು ದುಡ್ಡಿಗಾಗಿ ಒಮ್ಮೆಯೂ ಜಗಳವಾಡಿದವರಲ್ಲ. ಸೂಪಿಗೆ ಉಪ್ಪು ಕಡಿಮೆಯಾದದ್ದಕ್ಕೆ ಆಡಿದ್ದೇವೆ. ಅವಳು ಹೊಸ ಫ್ರಿಜ್ ತಂದ ದಿನ, ಅದು ಸದ್ದು ಮಾಡುತ್ತದೆಂದು ನಾನು ಊಟ ಬಿಟ್ಟೆ. ಏನೇ ಕೊಂಡರೂ "ಅಗ್ಗಕ್ಕೆ ಸಿಕ್ತು" ಎಂದು ಅವಳು ಮೊದಲೇ ಹೇಳಿಬಿಡುತ್ತಿದ್ದಳು. ನನ್ನ ಮನಸ್ಸು ನೋಯದಿರಲಿ ಎಂದೇ ಹಾಗೆ ಹೇಳುತ್ತಾಳೆಂದು ಗೊತ್ತಾಗಿ ಸಿಟ್ಟು ಇನ್ನಷ್ಟು ಏರುತ್ತಿತ್ತು.

ಮನೆಯಲ್ಲಿ ನನ್ನ ಪಾಲಿಗೆ ಉಳಿದದ್ದು ಗ್ಯಾಸ್ ಸಿಲಿಂಡರ್. ಗಾಡಿ ಬಂದಾಗ ಹೆಗಲಿಗೇರಿಸಿಕೊಂಡು, ಬೀದಿಯವರೆಲ್ಲ ನೋಡಲೆಂದು ನಿಧಾನವಾಗಿ ತರುತ್ತಿದ್ದೆ. ಅಷ್ಟರಲ್ಲಿ ನಮ್ಮ ಬೀದಿಗೆ ಪೈಪ್ ಗ್ಯಾಸ್ ಬಂತು. ಕೆಲಸದವರು ಬಾಗಿಲಿಗೆ ಬಂದರೆ, ಅಡುಗೆಮನೆಯ ಗೋಡೆ ಗಟ್ಟಿಯಿಲ್ಲ ಎಂದು ವಾಪಸ್ ಕಳಿಸಿದೆ. ಆ ಗೋಡೆ ಕಟ್ಟಿದವನು ನಾನೇ.

ಒಂದು ಶುಕ್ರವಾರ ಗಾಡಿಯ ಸದ್ದು ಕೇಳಿ, ಮೆಕ್ಕೆಜೋಳದ ಹೆಂಡ ಚಿಚಾ ಮಾರುವ ಅಂಗಡಿಯಿಂದ ಎದ್ದೆ. ಜೊತೆಗೆ ಕುಡಿಯುತ್ತಿದ್ದ ಗಣಿತದ ಮೇಷ್ಟ್ರು ಸಾತುರ್ನಿನೊ, "ಏನಪ್ಪಾ, ಯಜಮಾನಿ ಆರ್ಡರಾ?" ಎಂದ. ಮತ್ತೆ ಕೂತುಬಿಟ್ಟೆ. ಗಾಡಿ ಹೋಯಿತು.

ಮರುದಿನ ಬೆಳಿಗ್ಗೆ ಡೋನ್ಯಾ ಎಡೆಲ್ಮಿರಾ ಎಂಬ ಗಿರಾಕಿಯ ಮಗಳ ಮದುವೆಯ ಕೇಕ್ ಓವನ್ನಿನಲ್ಲಿರುವಾಗಲೇ ಗ್ಯಾಸ್ ಮುಗಿದು, ಕೇಕಿನ ನಡು ಕುಸಿಯಿತು.

"ಮೊದ್ಲೇ ನೆನಪಿಸ್ಬೇಕಿತ್ತು ನೀನು," ಎಂದೆ.

"ನೆನಪಿಸಿದ್ರೆ ಆರ್ಡರ್ ಮಾಡ್ತಾಳೆ ಅಂತೀಯ. ಸುಮ್ನಿದ್ರೆ ಹೇಳ್ಲಿಲ್ಲ ಅಂತೀಯ. ಗೋಡೆ ಗಟ್ಟಿಯಿಲ್ಲ ಅಂದ್ಯಲ್ಲ ವೆಂಚೊ, ಯಾವ ಗೋಡೆ ಅದು, ತೋರ್ಸು."

ತೋರಿಸಲು ಗಟ್ಟಿಯಿಲ್ಲದ ಗೋಡೆ ಯಾವುದೂ ಇರಲಿಲ್ಲ. "ಪೈಪ್ ಬಂದ್ಮೇಲೆ ಈ ಮನೇಲಿ ನಾನ್ಯಾತಕ್ಕೆ?" ಎಂಬ ಮಾತು ಬಾಯಿಂದ ಜಾರಿತು.

ಅವಳು ನಗಲಿಲ್ಲ. "ಕೇಕ್ ಹೊರೋಕೆ. ಯಾರಾದ್ರೂ ನೋಡ್ತಾರೆ ಅಂತ ನೀನು ಬರಲ್ಲ, ಇಷ್ಟು ದಿನ ಒಬ್ಳೇ ಒಯ್ದಿದೀನಿ. ಇದೊಂದು ಹಾಳಾದ್ರೆ ಇನ್ಮೇಲೆ ಯಾರೂ ನನ್ನ ಕರೆಯಲ್ಲ. ಬರ್ತೀಯೋ ಇಲ್ವೋ ಹೇಳು."

ಪಕ್ಕದ ಮನೆಯ ಓವನ್ನಿನಲ್ಲಿ ಮತ್ತೆ ಬೇಯಿಸಿದಳು. ನಾನು ಮೊಟ್ಟೆ ಕದಡಿದೆ; ಚಿಪ್ಪು ಬೀಳಿಸಿ ಬೈಸಿಕೊಂಡೆ. ಸಂಜೆ ಇಬ್ಬರೂ ಕೇಕಿನ ಹಲಗೆಯನ್ನು ಎರಡು ಕಡೆ ಹಿಡಿದು ಚೌಕ ದಾಟುವಾಗ ಸಾತುರ್ನಿನೊ ಕೂಗಿದ: "ಹೊಸ ನೌಕರಿ ಸಿಕ್ತಾ ಮೇಷ್ಟ್ರೇ?"

"ಹೂಂ, ಇಲ್ಲಿ ಸಂಬಳ ಚೆನ್ನಾಗಿದೆ" ಎಂಬ ಉತ್ತರ ಹೊಳೆಯುವ ಹೊತ್ತಿಗೆ ಮೂಲೆ ತಿರುಗಿಯಾಗಿತ್ತು.

ಮದುವೆ ಮನೆಯ ಬಾಗಿಲಲ್ಲಿ ಡೋನ್ಯಾ ಎಡೆಲ್ಮಿರಾ ನನ್ನನ್ನು ನೋಡಿ, "ಇವ್ರು ನಿಮ್ಮ ಕೆಲಸದವ್ರಾ?" ಎಂದು ನಿಯೆವೆಸ್‌ಳನ್ನು ಕೇಳಿದಳು.

"ಗಂಡ," ಎಂದೆ ನಾನೇ. ಆಮೇಲೆ ತಡೆಯಲಾಗದೆ, "ಭೂಗೋಳದ ಮೇಷ್ಟ್ರು," ಎಂದೂ ಸೇರಿಸಿದೆ.

"ಹಲಗೆ ವಾಲ್ತಿದೆ," ಎಂದಳು ನಿಯೆವೆಸ್. ನೇರ ಹಿಡಿದೆ.