ಬದು ಅಳಿಯುವ ಮುನ್ನ ಬರೆದ ಕಾಗದ

ನನಗೆ ಮೂಗಿನ ತುದಿಯಲ್ಲೇ ಕೋಪ. ಅಂಥವನು ಬದುಕಿನಲ್ಲಿ ಒಂದೇ ಒಂದು ಸಲ ಮೆತ್ತಗೆ ಬರೆದ ಕಾಗದದ ಕಥೆ ಇದು.

ಎಪ್ಪತ್ತರ ದಶಕ. ಹೊಸಕೋಟೆ ತಾಲ್ಲೂಕಿನಲ್ಲಿ ನಾನು ಸರ್ವೆ ಸೂಪರ್‌ವೈಸರ್. ನನ್ನ ಕೈಕೆಳಗೆ ಮೂವರು ಸರ್ವೆಯರುಗಳು. ಅವರಲ್ಲೊಬ್ಬನನ್ನು ಬೇರೆ ಕಚೇರಿಯವರು ಎರವಲು ಪಡೆದು, ವಾಪಸು ಕಳಿಸುವುದನ್ನೇ ಮರೆತಿದ್ದರು. ಉಳುವವನೇ ಒಡೆಯ ಎಂಬ ಕಾನೂನು ಬಂದು ಗೇಣಿದಾರರ ಅರ್ಜಿಗಳು ಮೇಜು ತುಂಬಿ ನೆಲಕ್ಕಿಳಿದಿದ್ದವು. ಒಂದು ಸರ್ವೆ ನಂಬರಿನಲ್ಲಿ ಬರೀ ಒಂದು ತುಂಡನ್ನು ಉಳುತ್ತಿದ್ದವರ ಪಾಲು ಎಲ್ಲಿಂದ ಎಲ್ಲಿಗೆ ಎಂದು ನಾವು ಅಳೆದು ನಕ್ಷೆ ಕೊಡಬೇಕು. ಆಮೇಲೆ ಹಕ್ಕು.

ಸೂಲಿಬೆಲೆ ಕಡೆಯ ಒಬ್ಬ ವಿಧವೆ ವಾರಕ್ಕೊಮ್ಮೆ ಬಂದು ಬಾಗಿಲ ಬಳಿ ನಿಲ್ಲುತ್ತಿದ್ದಳು. ಅವಳು ಗೇಣಿಗೆ ಉಳುತ್ತಿದ್ದ ಹೊಲದ ಒಡೆಯ ಊರಿನ ಹಳೇ ಪಟೇಲ.

"ಸ್ವಾಮಿ, ನಂದು ಪಟೇಲ್ರದು ಎರಡ್ರ ಮಧ್ಯ ಇರೋದು ಒಂದು ಬದು ಅಷ್ಟೇ. ಮಳೆ ಬಿದ್ದ ತಕ್ಷಣ ಅದ್ನ ಸೇರ್ಸಿ ಉತ್ಬಿಡ್ತೀನಿ ಅಂತಾವ್ರೆ. ಆಮೇಲೆ ನಂದು ಎಲ್ಲಿ ಅಂತ ತೋರಿಸ್ಲಿ?"

"ಬರ್ತೀವಮ್ಮ, ಬರ್ತೀವಿ" ಎಂದೆ.

"ಇಲ್ಲಾ ಅಂತ ಯಾರೂ ಅಂದಿಲ್ಲ ಬಿಡಿ. ಎಲ್ಲಾರೂ ಬರ್ತೀವಿ ಅಂತಾನೇ ಅಂದವ್ರೆ" ಎಂದು ಹೊರಟುಹೋದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅದೇ ವಾರ ಜಿಲ್ಲೆಯ ಸಾಹೇಬರ ಆದೇಶ ಬಂತು. ತಾಲ್ಲೂಕಿನ ಗೋಮಾಳಗಳನ್ನು ಅಳೆದು, ಮನೆಯಿಲ್ಲದವರಿಗೆ ನಿವೇಶನ ಗುರುತಿಸಬೇಕಂತೆ. ಅದೂ ಮುಂಗಾರಿಗೆ ಮೊದಲು, ಇರುವ ಸಿಬ್ಬಂದಿಯಿಂದಲೇ. ಅದೂ ಬಡವರ ಕೆಲಸವೇ, ಬೇಡವೆನ್ನಲು ನಾಲಿಗೆ ಏಳದು. ಆದರೆ ನನ್ನಲ್ಲಿದ್ದವರು ಇಬ್ಬರೇ! ಸಿಟ್ಟು ನೆತ್ತಿಗೇರಿ, "ಸಾಧ್ಯವಿಲ್ಲ. ನಾವೂ ಮನುಷ್ಯರು" ಎಂದು ಗೀಚಿ ಗುಮಾಸ್ತರತ್ತ ತಳ್ಳಿದೆ.

ಗುಮಾಸ್ತರು ಕನ್ನಡಕ ಏರಿಸಿ ಓದಿದರು. "ಇದು ಹೋದ್ರೆ ಇದರ ಹಿಂದೇನೇ ನಿಮ್ಮ ವರ್ಗಾವಣೆ ಬರುತ್ತೆ ಸಾರ್. 'ಆದೇಶದಂತೆ ಕ್ರಮ ಕೈಗೊಳ್ಳಲಾಗುವುದು' ಅಂತ ಬರೆದು ಸುಮ್ನೆ ಕೂತ್ಕೊಳ್ಳಿ. ಎಲ್ಲಾ ತಾಲ್ಲೂಕಿನೋರೂ ಮಾಡೋದು ಅದನ್ನೇ. ಮಳೆ ಬರುತ್ತೆ, ಸಾಹೇಬ್ರೂ ಮರೀತಾರೆ."

ಇಲಾಖೆಯ ವಾಡಿಕೆಯೇ ಅದು. ಹೂಂ ಅನ್ನಬೇಕು, ಕಡತ ಮುಚ್ಚಿಡಬೇಕು. ಆ ಹೆಂಗಸಿಗೆ ನಾನು ಹೇಳಿದ್ದೂ ಇಂಥದೇ ಹೂಂ ಅಲ್ಲವೇ? ಥೂ ಎನಿಸಿತು. ಗೀಚಿದ್ದನ್ನು ಹರಿದು ಹೊಸದಾಗಿ ಬರೆಯಲು ಕೂತೆ.

"ಮಾನ್ಯರೇ, ನಿವೇಶನದ ಕಾರ್ಯ ಅವಶ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಈ ಬೇಸಿಗೆಯಲ್ಲಿ ಅದನ್ನು ವಹಿಸಿಕೊಳ್ಳಲು ನಮ್ಮ ತಂಡಕ್ಕೆ ಶಕ್ತಿಯಿಲ್ಲವೆಂದು ವಿನಯದಿಂದ ಅರಿಕೆ ಮಾಡುತ್ತೇನೆ. ಹಾಜರಿರುವ ಸರ್ವೆಯರುಗಳು ಇಬ್ಬರು. ಪ್ರತಿ ಗೇಣಿ ಜಮೀನಿಗೂ ಅಕ್ಕಪಕ್ಕದವರಿಗೆ ನೋಟೀಸು ಕೊಟ್ಟು, ಅವರೆದುರು ಸರಪಳಿ ಎಳೆದು, ಕಚೇರಿಗೆ ಬಂದು ನಕ್ಷೆ ಬರೆದು ತಾಳೆ ನೋಡಬೇಕು. ಎಷ್ಟು ಅವಸರಿಸಿದರೂ ಇದರಲ್ಲಿ ಒಂದನ್ನೂ ಬಿಡುವಂತಿಲ್ಲ. ಎರಡೂ ಕೆಲಸ ಒಪ್ಪಿಕೊಂಡರೆ ಎರಡೂ ಕೆಡುತ್ತವೆ. ಉಳುಮೆ ಶುರುವಾದರೆ ಹೊಲದ ಬದು ಉಳಿಯುವುದಿಲ್ಲ. ಗೋಮಾಳವನ್ನು ಯಾರೂ ಉಳುವುದಿಲ್ಲ. ಆದ್ದರಿಂದ ಗೋಮಾಳಗಳನ್ನು ಬಿತ್ತನೆಯ ನಂತರ ಮಳೆ ಬಿಡುವು ಕೊಟ್ಟಾಗ ಅಳೆಯಲು ಅಪ್ಪಣೆ ಬೇಡುತ್ತೇನೆ. ಈಗಲೇ ಆಗಬೇಕೆಂದಾದರೆ, ಯಾವುದನ್ನು ನಿಲ್ಲಿಸಬೇಕೆಂದು ತಾವೇ ಬರೆದು ತಿಳಿಸಬೇಕು."

ಕೊನೇ ಸಾಲು ಓದಿ ಗುಮಾಸ್ತರು ತಲೆ ಚಚ್ಚಿಕೊಂಡರು. ಆದರೂ ಮೊಹರು ಒತ್ತಿ ಕಳಿಸಿದರು, ಪುಣ್ಯಾತ್ಮ.

ಸಾಹೇಬರಿಂದ ಕರೆ ಬಂತು. ಬೆಂಗಳೂರಿಗೆ ಹೋದೆ. ಕೂರಿ ಎನ್ನಲಿಲ್ಲ.

"ಪಕ್ಕದ ತಾಲ್ಲೂಕಿನೋರೆಲ್ಲಾ ಒಪ್ಕೊಂಡಿದಾರೆ. ನಿಮ್ಮೊಬ್ರಿಗೆ ಏನ್ರೀ ತೊಂದ್ರೆ?"

ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಅವರು ಎಷ್ಟು ಅಳೆದಿದಾರೆ ಕೇಳಿ ಸಾರ್" ಎಂದೆ.

ಸಾಹೇಬರು ನನ್ನ ಕಾಗದವನ್ನು ಮುಂದಕ್ಕೆ ಎಳೆದುಕೊಂಡರು. ಅದರ ಅಂಚಿನಲ್ಲಿ, "ಬಿತ್ತನೆ ನಂತರ. ತಪ್ಪಿದರೆ ಸೂಪರ್‌ವೈಸರರೇ ಹೊಣೆ" ಎಂದು ಬರೆದು ಸಹಿ ಹಾಕಿದರು. ಎರವಲು ಹೋದ ಹುಡುಗನ ಬಗ್ಗೆ ತುಟಿ ಬಿಚ್ಚಲಿಲ್ಲ. ಅಷ್ಟಾದರೂ ಸಿಕ್ಕಿತಲ್ಲ ಎಂದು ಬಸ್ಸು ಹತ್ತಿದೆ.

ನೋಟೀಸಿನ ಅವಧಿ ಮುಗಿದ ದಿನ ಸೂಲಿಬೆಲೆ ಕಡೆ ಹೋದಾಗ ಮೂಡಣದಲ್ಲಿ ಮೋಡ ಕಟ್ಟಿತ್ತು. ಹೊಲದಂಚಿನಲ್ಲಿ ಪಟೇಲನ ಎತ್ತುಗಳು ನೊಗ ಹೊತ್ತು ನಿಂತಿದ್ದವು. ಹದವಿಲ್ಲದ ನೆಲಕ್ಕೆ ಯಾರಾದರೂ ನೇಗಿಲು ಹೂಡುತ್ತಾರೆಯೇ? ಬದು ಅಳಿಸಲೆಂದೇ ಹೂಡಿದ್ದ.

"ಏನ್ ಸ್ವಾಮಿ ಇಷ್ಟು ಅವಸರ?" ಎಂದ.

"ನಿಮ್ಮಷ್ಟಿಲ್ಲ" ಎಂದೆ. ಕೋಪ ಎಲ್ಲಿಗೆ ಹೋಗುತ್ತೆ!

ಬದುವಿನ ಉದ್ದಕ್ಕೂ ಸರಪಳಿ ಎಳೆದೆವು. ಪುಸ್ತಕದಲ್ಲಿ ಅಳತೆ ಬರೆದು ಪಟೇಲನ ರುಜು ಹಾಕಿಸಿಕೊಂಡೆವು, ಎರಡು ತುದಿಗೂ ಕಲ್ಲು ನೆಟ್ಟೆವು. ಆ ಹೆಂಗಸು ಕಲ್ಲಿನ ಬುಡಕ್ಕೆ ಮಣ್ಣು ತುಂಬಿ ಕಾಲಿನಿಂದ ತುಳಿದು ಗಟ್ಟಿ ಮಾಡುತ್ತಲೇ ಇದ್ದಳು.

ಬಿತ್ತನೆಯಾದ ಮೇಲೆ ಗೋಮಾಳ ಅಳೆಯಲು ಅದೇ ದಾರಿಯಲ್ಲಿ ಹೋದೆ. ಪಟೇಲನ ನೇಗಿಲ ಸಾಲುಗಳೆಲ್ಲ ಕಲ್ಲಿನವರೆಗೆ ಬಂದು ಹಿಂದಕ್ಕೆ ತಿರುಗಿದ್ದವು. ಬದುವಿನ ಈಚೆ ಅವಳ ರಾಗಿ ಮೊಳಕೆಯೊಡೆದಿತ್ತು.